ಸುಜಾತಾ ಅವರ ಶಿಫಾರಸು ಪತ್ರ: ತಿದ್ದಿ ಬರೆದ ಪ್ರತಿ

ಸುಜಾತಾ ಅವರಿಗೆ,

ಕಳೆದ ವಾರ ನಿಮಗೆ ಕೊಟ್ಟ ಶಿಫಾರಸು ಪತ್ರವನ್ನು ನಿನ್ನೆ ಸಂಜೆ ಮತ್ತೊಮ್ಮೆ ಓದಿದೆ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದವರಿಗೆ ನಾನು ಏನನ್ನೋ ಬಚ್ಚಿಟ್ಟು ಬರೆದಂತೆ ತೋರುತ್ತದೆ. ‘ದೂರು ಬಂದಿಲ್ಲ’, ‘ಆಕ್ಷೇಪವಿಲ್ಲ’ ಎಂಬಂಥ ಮಾತುಗಳನ್ನು ನೋಡಿ ಯಾರೂ ಯಾರನ್ನೂ ಕೆಲಸಕ್ಕೆ ಕರೆಯುವುದಿಲ್ಲ. ನಿಮ್ಮ ಬಗ್ಗೆ ನನ್ನ ಮನಸ್ಸಿನಲ್ಲಿ ಅಳುಕೇನೂ ಇಲ್ಲ. ಅವಸರದಲ್ಲಿ ಬರೆದೆ, ಕ್ಷಮಿಸಿ.

ಹೊಸ ಪ್ರತಿಯಲ್ಲಿ ಹೊಸ ಸಂಗತಿ ಒಂದನ್ನೂ ಸೇರಿಸಿಲ್ಲ. ಸಂದರ್ಶನದಲ್ಲಿ ಯಾವ ವಾಕ್ಯದ ಬಗ್ಗೆ ಕೇಳಿದರೂ ನೀವು ನಿಶ್ಚಿಂತೆಯಿಂದ ಉತ್ತರಿಸಬಹುದು. ತಾಳೆ ನೋಡಲು ಹಳೆಯದನ್ನೂ ಇಟ್ಟಿದ್ದೇನೆ.

ಹಳೆಯ ಪ್ರತಿ

ಸಂಬಂಧಪಟ್ಟವರಿಗೆ,

ಸುಜಾತಾ ಅವರು 2021ರ ಜೂನ್ ಮೊದಲ ದಿನದಿಂದ 2024ರ ಮೇ ಕೊನೆಯವರೆಗೆ ನಮ್ಮ ದಾಸ್ತಾನು ವಿಭಾಗದಲ್ಲಿ ನೇರವಾಗಿ ನನ್ನ ಕೈಕೆಳಗೆ ಸಹಾಯಕಿಯಾಗಿದ್ದರು. ಅವರ ಮೇಲೆ ದೂರು ಬಂದಿಲ್ಲ. ತಿಂಗಳ ದಾಸ್ತಾನು ಪಟ್ಟಿಯನ್ನು ನಿಗದಿತ ದಿನಕ್ಕೆ ಒಪ್ಪಿಸುತ್ತಿದ್ದರು. ಒಂದು ತಿಂಗಳು ಮಾತ್ರ ತಡವಾಗಿದೆ. ಹೊಸ ತಂತ್ರಾಂಶ ಕಲಿಯಲು ಉಳಿದವರಿಗಿಂತ ಹೆಚ್ಚು ಸಮಯ ತೆಗೆದುಕೊಂಡರು, ಆಮೇಲೆ ತೊಂದರೆಯಾಗಲಿಲ್ಲ. ಕೆಲವರು ಅವರನ್ನೇ ಕೇಳುತ್ತಿದ್ದರು. ಒಮ್ಮೆ ದಾಸ್ತಾನು ಪುಸ್ತಕವನ್ನೂ ಕಂಪ್ಯೂಟರ್ ಲೆಕ್ಕವನ್ನೂ ತಾಳೆ ನೋಡುವಾಗ 40 ಪೆಟ್ಟಿಗೆಗಳು ಎರಡು ಬಾರಿ ನಮೂದಾಗಿದ್ದನ್ನು ಲೆಕ್ಕಪರಿಶೋಧನೆಗೆ ಮುಂಚೆಯೇ ತಿಳಿಸಿದರು. ಸಭೆಗಳಲ್ಲಿ ಹೆಚ್ಚು ಮಾತನಾಡುವವರಲ್ಲ, ಕೇಳಿದರೆ ಉತ್ತರ ಸರಿಯಾಗಿರುತ್ತಿತ್ತು. ಮೇಲ್ವಿಚಾರಣೆಯ ಕೆಲಸ ವಹಿಸಿರಲಿಲ್ಲವಾದ್ದರಿಂದ ಆ ಬಗ್ಗೆ ಹೇಳಲಾರೆ. ಅವರು ಬೇರೆಡೆ ಸೇರಲು ನಮ್ಮ ಆಕ್ಷೇಪವಿಲ್ಲ.

ಹೊಸ ಪ್ರತಿ

ಮಾನ್ಯರೇ,

ಸುಜಾತಾ ಅವರ ಪರವಾಗಿ ಈ ಪತ್ರ ಬರೆಯಲು ನನಗೆ ಸಂತೋಷವಾಗುತ್ತದೆ. 2021ರ ಜೂನ್ ಮೊದಲ ದಿನದಿಂದ 2024ರ ಮೇ ಕೊನೆಯವರೆಗೆ, ಪೂರ್ತಿ ಮೂರು ವರ್ಷ, ಅವರು ನಮ್ಮ ದಾಸ್ತಾನು ವಿಭಾಗದಲ್ಲಿ ಸಹಾಯಕಿಯಾಗಿದ್ದರು. ನೇರವಾಗಿ ನನ್ನ ಕೈಕೆಳಗೇ ಇದ್ದುದರಿಂದ ಇಲ್ಲಿ ಬರೆಯುತ್ತಿರುವುದು ಬೇರೆಯವರಿಂದ ಕೇಳಿದ ಮಾತಲ್ಲ.

ದಾಸ್ತಾನು ವಿಭಾಗದಲ್ಲಿ ಹೊತ್ತಿಗೆ ಸರಿಯಾಗಿ ಲೆಕ್ಕ ಕೊಡುವವರ ಬೆಲೆ ಏನೆಂದು ಆ ಕೆಲಸ ಮಾಡಿದವರಿಗೆ ಗೊತ್ತು. ಮೂರು ವರ್ಷವೆಂದರೆ 36 ತಿಂಗಳ ಪಟ್ಟಿಗಳು. ಅವುಗಳಲ್ಲಿ 35 ಪಟ್ಟಿಗಳನ್ನು ಸುಜಾತಾ ಅವರು ನಿಗದಿತ ದಿನಕ್ಕೇ ಒಪ್ಪಿಸಿದರು. ಈ ಅವಧಿಯಲ್ಲಿ ಅವರ ಮೇಲೆ ಒಂದು ದೂರೂ ಬರಲಿಲ್ಲ.

ಅವರ ಕೆಲಸದ ಗುಣ ತಿಳಿಯಲು ಒಂದು ಪ್ರಸಂಗವನ್ನು ಹೇಳಬೇಕು. ದಾಸ್ತಾನು ಪುಸ್ತಕವನ್ನೂ ಕಂಪ್ಯೂಟರಿನ ಲೆಕ್ಕವನ್ನೂ ತಾಳೆ ನೋಡುತ್ತಿದ್ದಾಗ 40 ಪೆಟ್ಟಿಗೆಗಳು ಎರಡು ಬಾರಿ ನಮೂದಾಗಿರುವುದು ಅವರ ಕಣ್ಣಿಗೆ ಬಿತ್ತು. ಲೆಕ್ಕಪರಿಶೋಧನೆ ಇನ್ನೂ ಆಗಿರಲಿಲ್ಲ. ಅದಕ್ಕೆ ಮುಂಚೆಯೇ ಅವರು ವಿಷಯವನ್ನು ತಿಳಿಸಿದರು. ಸಾಲುಸಾಲು ಅಂಕಿಗಳ ನಡುವೆ ಇಂಥ ತಪ್ಪನ್ನು ಕಾಣುವ ಕಣ್ಣು ಮತ್ತು ಕಂಡದ್ದನ್ನು ಹೇಳುವ ಮನಸ್ಸು, ಈ ಎರಡನ್ನೂ ನಾನು ಬಹಳ ಗೌರವಿಸುತ್ತೇನೆ.

ಹೊಸ ತಂತ್ರಾಂಶ ಬಂದಾಗ ಅದನ್ನು ಕಲಿಯಲು ಅವರಿಗೆ ಉಳಿದವರಿಗಿಂತ ಹೆಚ್ಚು ಸಮಯ ಬೇಕಾಯಿತು. ಇದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಕಲಿತ ಮೇಲೆ ಅವರಿಗೆ ತೊಂದರೆಯಾಗಲಿಲ್ಲ. ಅಷ್ಟೇ ಅಲ್ಲ, ಸಹೋದ್ಯೋಗಿಗಳಲ್ಲಿ ಕೆಲವರು ಅವರನ್ನೇ ಕೇಳುವಂತಾಯಿತು. ಸಭೆಗಳಲ್ಲಿಯೂ ಹಾಗೆಯೇ: ಅವರದು ಮಿತವಾದ ಮಾತು, ಆದರೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತಿತ್ತು.

ಮೇಲ್ವಿಚಾರಣೆಯ ಕೆಲಸವನ್ನು ನಾವು ಅವರಿಗೆ ವಹಿಸಿರಲಿಲ್ಲ. ಹಾಗಾಗಿ ಆ ವಿಷಯದಲ್ಲಿ ಪರವಾಗಿಯಾಗಲಿ ವಿರೋಧವಾಗಿಯಾಗಲಿ ನಾನು ಹೇಳುವಂಥದ್ದೇನೂ ಇಲ್ಲ. ನಾನು ಕಂಡ ಕೆಲಸದ ಮಟ್ಟಿಗೆ, ಅಂದರೆ ದಾಸ್ತಾನಿನ ಲೆಕ್ಕ, ಪಟ್ಟಿ ಮತ್ತು ತಾಳೆಯ ಕೆಲಸಕ್ಕೆ, ಸುಜಾತಾ ಅವರನ್ನು ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಅವರು ನಿಮ್ಮಲ್ಲಿ ಸೇರಿದರೆ ನನಗೆ ನಿಜವಾಗಿಯೂ ಸಂತೋಷ.

ಹೆಚ್ಚಿನ ವಿವರ ಬೇಕಿದ್ದರೆ ಕಚೇರಿಯ ವೇಳೆಯಲ್ಲಿ ನನಗೆ ಕರೆ ಮಾಡಿ. ಇಲ್ಲಿ ಬರೆದಿರುವುದನ್ನೇ ಬಾಯಿಮಾತಿನಲ್ಲೂ ಹೇಳುತ್ತೇನೆ.

ವಂದನೆಗಳೊಂದಿಗೆ,
ವ್ಯವಸ್ಥಾಪಕರು, ದಾಸ್ತಾನು ವಿಭಾಗ