ನಾಲ್ಕು ಗಂಟೆಯ ರೇಣುಕಾ

ಧಾರವಾಡದ ಹಾಸ್ಟೆಲಿನಲ್ಲಿ ಸೆಕೆಂಡ್ ಪಿಯುಸಿಗೆ ನನ್ನ ರೂಮಿಗೆ ಬಂದವಳು ಕುಷ್ಟಗಿ ಕಡೆಯ ರೇಣುಕಾ. ಮೊದಲ ದಿನವೇ ಜಗಳ. ರಾತ್ರಿ ಒಂಬತ್ತೂವರೆಗೆ "ಲೈಟ್ ಆರಸ್ಲೇನು?" ಅಂದಳು. ನನ್ನ ಓದು ಶುರುವಾಗುವುದೇ ಹತ್ತರ ಮೇಲೆ. ಬೆಳಿಗ್ಗೆ ನಾಲ್ಕಕ್ಕೆ ಅವಳ ಓದು ಶುರು, ಅದೂ ಬಾಯಿ ಬಿಟ್ಟು. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಾ, ಒಂದೇ ಸಾಲನ್ನು ಹತ್ತು ಸಲ ಹೇಳುತ್ತಿದ್ದಳು. ನಾನು ಒಂದಕ್ಕೋ ಒಂದೂವರೆಗೋ ಮಲಗಿದವಳು, ತಲೆದಿಂಬನ್ನು ಕಿವಿಗೆ ಒತ್ತಿಕೊಂಡು ಹೊರಳಾಡುತ್ತಿದ್ದೆ.

"ಮಾರಾಯ್ತಿ, ಮನಸ್ಸಲ್ಲೇ ಓದೋಕೆ ಆಗಲ್ವಾ?"

"ಮನಸ್ಸಿನ್ಯಾಗ ಓದಿದ್ರ ನನಗ ತಲಿಗೆ ಹತ್ತಂಗಿಲ್ಲ. ಮನ್ಯಾಗ ಎಂಟು ಮಂದಿ ನಾವು, ನಾಲ್ಕಕ್ಕ ಎದ್ರಷ್ಟ ಸಪ್ಪಳ ಇರಂಗಿಲ್ಲ, ಅದ ರೂಢಿ ಆಗೇತಿ."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನ ಚಪ್ಪಲಿ ಡಬ್ಬಿಯ ರಟ್ಟನ್ನು ಕತ್ತರಿಸಿ ನನ್ನ ಟೇಬಲ್ ಲ್ಯಾಂಪಿಗೆ ಮುಸುಕು ಹಾಕಿದೆ, ಬೆಳಕು ಪುಸ್ತಕದ ಮೇಲಷ್ಟೇ ಬೀಳುವ ಹಾಗೆ. ಅವಳು ವರಾಂಡಕ್ಕೆ ಹೋಗಿ ಓದತೊಡಗಿದಳು. ಬಾಗಿಲು ಮುಚ್ಚಿದರೂ ಧ್ವನಿ ಮಾತ್ರ ಬರುತ್ತಿತ್ತು.

ಜುಲೈನಲ್ಲಿ ಮೊದಲ ಟೆಸ್ಟ್. ಫಿಸಿಕ್ಸಿನಲ್ಲಿ ವೀಟ್‌ಸ್ಟೋನ್ ಬ್ರಿಡ್ಜ್ ಡೆರಿವೇಶನ್, 5 ಅಂಕ. ಅವಳಿಗೆ ಅದು ನಿದ್ದೆಯಲ್ಲೂ ಬರುತ್ತಿತ್ತು. ಆದರೆ ಸರ್ ಚಿತ್ರವನ್ನು ಅಡ್ಡ ತಿರುಗಿಸಿ, P, Q, R, S ಬದಲು ಬೇರೆ ಅಕ್ಷರ ಕೊಟ್ಟಿದ್ದರು. ರೇಣುಕಾ ಅಲ್ಲೇ ನಿಂತುಬಿಟ್ಟಳು. ನನ್ನದು ಇನ್ನೊಂದು ಕಥೆ. ನನಗೆ ಎಲ್ಲ ಅರ್ಥವಾಗಿತ್ತು, ಆದರೆ ಒಂದು ದಿನವೂ ಕೈಯಲ್ಲಿ ಬರೆದು ನೋಡಿರಲಿಲ್ಲ. ಲೂಪಿನಲ್ಲಿ ಪ್ಲಸ್ ಎಲ್ಲಿ ಮೈನಸ್ ಎಲ್ಲಿ ಅಂತ ಹೊಡೆದು ಹೊಡೆದು ಬರೆಯುವಷ್ಟರಲ್ಲಿ ಬೆಲ್ ಆಯಿತು. ನನಗೆ 2, ಅವಳಿಗೆ 1.

ಆ ರಾತ್ರಿ ಅವಳು ಊಟಕ್ಕೆ ಬರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಾನು ತಟ್ಟೆಯಲ್ಲಿ ಎರಡು ಚಪಾತಿ ತಂದು ಇಟ್ಟೆ. ತುಂಬಾ ಹೊತ್ತಾದ ಮೇಲೆ ಕೇಳಿದಳು, "ಬ್ರಿಡ್ಜ್ ಬ್ಯಾಲೆನ್ಸ್ ಆದಾಗ ನಡುವಿನ ಗ್ಯಾಲ್ವನೋಮೀಟರಿನ್ಯಾಗ ಕರೆಂಟ್ ಯಾಕ ಹರಿಯಂಗಿಲ್ಲ? ನನಗ ಖರೇನ ಗೊತ್ತಿಲ್ಲ."

ನಮ್ಮದು ಶಿರಸಿ ಕಡೆಯ ಅಡಿಕೆ ತೋಟ. ಮೇಲಿನ ಒರತೆಯಿಂದ ಅಡಿಕೆ ಮರದ ದಬ್ಬೆ ಕಟ್ಟಿ ನೀರು ತರುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಅದನ್ನೇ ಬರೆದು ತೋರಿಸಿದೆ. ಒಂದೇ ಒರತೆ, ಕೆಳಗೆ ಒಂದೇ ಹೊಂಡ, ನಡುವೆ ಎರಡು ದಬ್ಬೆ ಸಾಲು. ಎರಡಕ್ಕೂ ಮಧ್ಯದಲ್ಲಿ ಒಂದು ಅಡ್ಡ ದಬ್ಬೆ ಇಟ್ಟರೆ, ಎರಡೂ ತುದಿ ಒಂದೇ ಎತ್ತರದಲ್ಲಿದ್ದಾಗ ನೀರು ಆ ಕಡೆಗೂ ಹೋಗಲ್ಲ ಈ ಕಡೆಗೂ ಹೋಗಲ್ಲ, ಅಲ್ವಾ? ಎತ್ತರದ ಬದಲು ಪೊಟೆನ್ಶಿಯಲ್ ಅಂದುಕೋ.

ಅವಳು ಚಪಾತಿ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಅಂದ್ರ ಚಿತ್ರ ಹೆಂಗ ತಿರುಗಿಸಿದ್ರೂ ಅಷ್ಟ!" ಅಂತ ಎದ್ದು ಕೂತು, ಎಡಗೈಯಲ್ಲೇ ಪೆನ್ಸಿಲ್ ಹಿಡಿದು ಮೂರು ಥರ ಚಿತ್ರ ಬರೆದಳು. ಆಮೇಲೆ ನೋಟ್‌ಬುಕ್ಕನ್ನು ನನ್ನ ಕಡೆ ತಳ್ಳಿದಳು. "ಈಗ ನೀ ಬರಿ. ನೋಡಲಾರದ. ಟೈಮ್ ನಾ ಹಚ್ಚತೀನಿ." ಮೊದಲ ಸಲ ಹದಿನಾಲ್ಕು ನಿಮಿಷ ಹಿಡಿಯಿತು. ನಾಲ್ಕನೇ ರಾತ್ರಿ ಏಳು.

ಹಾಗಂತ ಎಲ್ಲ ಒಮ್ಮೆಗೇ ಸರಿಹೋಗಲಿಲ್ಲ. ಆಗಸ್ಟಿನಲ್ಲಿ ಒಂದು ವಾರ ಮಾತೇ ಬಿಟ್ಟಿದ್ದೆವು, ಕಾರಣ ಅವಳ ಅಲಾರಂ. ಆದರೆ ದಸರಾ ರಜೆ ಮುಗಿಸಿ ಅವಳು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಳು, ನಾನು ತೊಡೆದೇವು ತಂದೆ, ಆಮೇಲೆ ಹತ್ತೂವರೆವರೆಗೆ ಇಬ್ಬರೂ ಒಂದೇ ಲ್ಯಾಂಪಿನ ಕೆಳಗೆ ಕೂರುವುದು ತಾನಾಗಿಯೇ ಶುರುವಾಯಿತು. ಕ್ಯಾನಿಜಾರೋ, ಆಲ್ಡಾಲ್ ರಿಯಾಕ್ಷನ್‌ಗಳನ್ನು ನಾನು ಕೂತು ಓದಲೇ ಇಲ್ಲ ಅನ್ನಬಹುದು. ಬೆಳಿಗ್ಗೆ ಅರೆನಿದ್ದೆಯಲ್ಲಿ ಕೇಳಿದ ಅವಳ ಧ್ವನಿಯಿಂದಲೇ ಬಂದವು. ಪ್ರಿಪರೇಟರಿ ಪರೀಕ್ಷೆಯಲ್ಲಿ ಬರೆಯುವಾಗ ಅವಳ ರಾಗವೇ ಕಿವಿಯಲ್ಲಿತ್ತು.

ಫಿಸಿಕ್ಸ್ ಪರೀಕ್ಷೆಯ ದಿನ ಐದು ಗಂಟೆಗೆ ಎಚ್ಚರವಾಯಿತು. ರೂಮು ನಿಶ್ಶಬ್ದವಾಗಿತ್ತು. ಅವಳು ಇನ್ನೂ ಹೊದ್ದು ಮಲಗಿದ್ದಳು. ಎಬ್ಬಿಸಲು ಮನಸ್ಸಾಗದೆ ನಾನೇ ಎದ್ದು, ಬಾಗಿಲಿಂದ ಕಿಟಕಿಗೆ ನಡೆಯುತ್ತಾ, ಮೆಲ್ಲಗೆ ಹೇಳಿಕೊಳ್ಳತೊಡಗಿದೆ. ಪಿ ಬೈ ಕ್ಯೂ ಈಕ್ವಲ್ ಟು ಆರ್ ಬೈ ಎಸ್.

ಹೊದಿಕೆಯೊಳಗಿಂದ ಧ್ವನಿ ಬಂತು.

"ಯಾಕ?"