ಬಾಡಿಗೆ ಕರಾರಿಗಾಗಿ ಫ್ಲಾಟಿನ ಪೂರ್ಣ ವಿಳಾಸವನ್ನು ಬರೆದು ಕೊಡುವ ಬಗ್ಗೆ

ಮಾನ್ಯ ಮಾಲೀಕರಿಗೆ ನಮಸ್ಕಾರಗಳು.

ನಮ್ಮ ಹೊಸ ಬಾಡಿಗೆ ಕರಾರಿನ ಕರಡು ಸಿದ್ಧವಾಗಿದೆ. ವಿಳಾಸದ ಸಾಲೊಂದೇ ಬಾಕಿ. ಬಾಗಿಲ ಮೇಲೆ ‘304’ ಎಂದಷ್ಟೇ ಇದೆ. ವಿದ್ಯುತ್ ಬಿಲ್ಲಿನಲ್ಲಿ ‘ಬಿ-304’, ನೀವು ಕೊಟ್ಟ ತೆರಿಗೆ ರಸೀದಿಯಲ್ಲಿ ‘18/304’. ಎ ಬ್ಲಾಕಿನಲ್ಲೂ ಒಂದು 304 ಇದೆ (ಅವರ ಕೊರಿಯರ್ ಆಗಾಗ ನಮ್ಮ ಮನೆಗೇ ಬರುತ್ತದೆ).

ದಯವಿಟ್ಟು ಕ್ರಯಪತ್ರದಲ್ಲಿರುವಂತೆಯೇ ಫ್ಲಾಟ್ ಸಂಖ್ಯೆ, ಬ್ಲಾಕ್, ಮಹಡಿ, ಕಟ್ಟಡದ ಹೆಸರು, ರಸ್ತೆ, ಬಡಾವಣೆ, ಪಿನ್‌ಕೋಡ್ ಬರೆದು ಸಹಿ ಹಾಕಿ ಕೊಡಿ. ಈಮೇಲ್ ಕಳಿಸಿದರೂ ಆದೀತು, ಆದರೆ ಫೋನಿನಲ್ಲಿ ಹೇಳಿದರೆ ಸಾಲದು. ಬ್ಯಾಂಕಿಗೆ ಇದೇ ಕರಾರನ್ನು ವಿಳಾಸದ ದಾಖಲೆಯಾಗಿ ಕೊಡಬೇಕಿದೆ. ಛಾಪಾ ಕಾಗದದಲ್ಲಿ ಮುದ್ರಿಸಿದ ಮೇಲೆ ತಿದ್ದುವುದು ಇಬ್ಬರಿಗೂ ರಗಳೆ.

ಶುಕ್ರವಾರದೊಳಗೆ ತಲುಪಿದರೆ ಭಾನುವಾರ ಸಹಿ ಮಾಡಿಬಿಡೋಣ.

ಇಂತಿ ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಬಾಡಿಗೆದಾರ