ಬೆಕ್ಕು ಕಾಣೆಯಾಗಿದೆ (ಎರಡನೇ ಚೀಟಿ)

ಬೂದು ಮೈ, ಕಪ್ಪು ಪಟ್ಟೆ. ಹೆಣ್ಣು ಬೆಕ್ಕು. ಹೆಸರು ಬಾಬಿನ್. ಮೂರು ವರ್ಷ.
ಎಡಗಿವಿಯ ತುದಿ ನೇರವಾಗಿ ಕತ್ತರಿಸಿದೆ. ಬಾಲದ ತುದಿ ಕೊಂಕು. ಬಲ ಹಿಂಗಾಲಿನ ಪಾದ ಮಾತ್ರ ಬಿಳಿ.
ಕಾಣೆಯಾದದ್ದು: 19-11-2025 ಬುಧವಾರ, ಸಂಜೆ ಸುಮಾರು 7 ಗಂಟೆ, ಉಪ್ಪಾರಹಳ್ಳಿ 4ನೇ ಅಡ್ಡರಸ್ತೆ.
ಕಂಡರೆ ಫೋನ್ ಮಾಡಿ: 59011 40276 (ಸರೋಜಮ್ಮ, ಟೈಲರ್). ಎಷ್ಟು ಹೊತ್ತಾದರೂ ಸರಿ.
ಹಿಡಿಯೋಕೆ ಹೋಗಬೇಡಿ. ಓಡಿಸಬೇಡಿ.

ನಿಲ್ಲೋಕೆ ಹೊತ್ತಿಲ್ಲದವರಿಗೆ ಇಷ್ಟು ಸಾಕು. ನಂಬರ್ ಬರೆದ ಚೂರುಗಳನ್ನು ಕೆಳಗೆ ಕತ್ತರಿಯಲ್ಲಿ ಸೀಳಿ ಬಿಟ್ಟಿದ್ದೀನಿ, ಒಂದು ಹರ್ಕೊಂಡು ಹೋಗಿ. ಹೊತ್ತಿರೋರು ಮುಂದೆ ಓದಿ.

ಹೋದ ಶುಕ್ರವಾರ ಇದೇ ಗೋಡೆಗೆ ನಾಲ್ಕು ಸಾಲಿನ ಚೀಟಿ ಅಂಟಿಸಿದ್ದೆ. "ಬೂದು ಪಟ್ಟೆ ಬೆಕ್ಕು ಕಳೆದಿದೆ, ಸಿಕ್ಕರೆ ತಿಳಿಸಿ" ಅಂತ. ಐದು ದಿನದಲ್ಲಿ ಹನ್ನೊಂದು ಫೋನ್ ಬಂತು. ಹನ್ನೊಂದು ಕಡೆಗೂ ಹೋಗಿ ನೋಡಿದೆ. ಒಂದೂ ನಮ್ಮದಲ್ಲ. ನಾಲ್ಕು ಗಂಡು, ಎರಡು ಬಸುರಿ, ಒಂದಂತೂ ಆ ಮನೆಯವರದೇ ಬೆಕ್ಕು, ಪಕ್ಕದ ಮನೆಯವರು ಫೋನ್ ಮಾಡಿದ್ದರು. ಫೋನ್ ಮಾಡಿದವರ ಮೇಲೆ ಬೇಜಾರಿಲ್ಲ. ತಪ್ಪು ನನ್ನದು. ನಮ್ಮ ಉಪ್ಪಾರಹಳ್ಳಿಯಲ್ಲಿ ಬೂದು ಪಟ್ಟೆ ಬೆಕ್ಕು ಅಂದರೆ ಮದುವೆ ಮನೆಯಲ್ಲಿ ಬಿಳಿ ಪಂಚೆಯವರನ್ನ ಹುಡುಕಿದ ಹಾಗೆ. ಅದಕ್ಕೇ ಈ ಸಲ ಅಳತೆ ಸಮೇತ ಬರೀತಾ ಇದ್ದೀನಿ.

ಮೊದಲು, ಯಾವುದನ್ನ ಗುರುತು ಅಂತ ಹಿಡಿಯಬಾರದು ಅನ್ನೋದು. ಹಣೆ ಮೇಲೆ ಇಂಗ್ಲಿಷಿನ 'ಎಂ' ಅಕ್ಷರದ ಹಾಗೆ ಗೆರೆ ಇದೆ ಅಂತ ಐದು ಜನ ಹೇಳಿದರು. ಅದು ಪಟ್ಟೆ ಬೆಕ್ಕುಗಳಿಗೆಲ್ಲ ಇರುತ್ತೆ. ಬಾಲಕ್ಕೆ ಬಳೆ ಬಳೆ, ಕಣ್ಣಿನ ಪಕ್ಕ ಕಾಡಿಗೆ ಎಳೆದ ಹಾಗೆ ಗೆರೆ, ಅದೂ ಎಲ್ಲದಕ್ಕೂ ಇರುತ್ತೆ. ಇವನ್ನ ಬಿಟ್ಟು ಮೂರು ಕಡೆ ನೋಡಿ.

ಕಿವಿ. ಎಡಗಿವಿಯ ತುದಿ ಚೂಪಾಗಿಲ್ಲ. ಕತ್ತರಿಯಲ್ಲಿ ಒಂದೇ ಏಟಿಗೆ ಕತ್ತರಿಸಿದ ಹಾಗೆ ನೇರ ಇದೆ. ಜಗಳದಲ್ಲಿ ಹರಿದದ್ದಲ್ಲ, ಹರಿದಿದ್ದರೆ ಅಂಚು ಸೊಟ್ಟ ಇರ್ತಿತ್ತು. ಮರಿ ಹಾಕದ ಹಾಗೆ ಆಪರೇಷನ್ ಮಾಡಿಸಿದಾಗ ಮತ್ತಿನಲ್ಲಿರುವಾಗಲೇ ಡಾಕ್ಟ್ರು ತೆಗೆದಿದ್ದು. ಮತ್ತೊಂದು ಸಲ ಅದೇ ಬೆಕ್ಕನ್ನ ಹಿಡಿದು ಹೊಟ್ಟೆ ಕುಯ್ಯದೇ ಇರಲಿ ಅಂತ ಬೀದಿ ಬೆಕ್ಕುಗಳಿಗೆ ಹೀಗೆ ಗುರುತು ಮಾಡ್ತಾರೆ. ಇವಳೂ ಬೀದಿಯಿಂದ ಬಂದವಳೇ. ಎಡ ಅಂದರೆ ಬೆಕ್ಕಿನ ಎಡ. ಅದು ನಿಮ್ಮನ್ನೇ ನೋಡ್ತಾ ಕೂತಿದ್ದರೆ ನಿಮ್ಮ ಬಲಗೈ ಕಡೆಯ ಕಿವಿ. ಇದೇ ಗಲಿಬಿಲಿಯಲ್ಲಿ ಸೋಮವಾರ ರೈಲ್ವೆ ಸ್ಟೇಷನ್ ಕಡೆಗೊಂದು ಆಟೊ ಬಾಡಿಗೆ ದಂಡ ಆಯ್ತು.

ಬಾಲ. ಟೇಪಿನಲ್ಲಿ ಹತ್ತು ಇಂಚು. ಕೊನೆಯ ಅರ್ಧ ಇಂಚು ಎಡಕ್ಕೆ ಮುರಿದ ಹಾಗೆ ಬಗ್ಗಿದೆ, ದಪ್ಪ ಬಟ್ಟೆಗೆ ಹೊಡೆದು ಸೂಜಿ ಬಗ್ಗುತ್ತಲ್ಲ ಹಾಗೆ. ನೋವಿಲ್ಲ, ಹುಟ್ಟಿದಾಗಿನಿಂದ ಹಾಗೇ. ಪಕ್ಕದಲ್ಲಿ ಪೆನ್ಸಿಲಿನಲ್ಲಿರೋದು ಆ ಬಾಲ, ನನ್ನ ಮೊಮ್ಮಗಳು ಬರೆದದ್ದು. ನೋಡೋಕೆ ಬೆಂಡೆಕಾಯಿ ಥರ ಇದೆ, ಆದರೆ ಬಗ್ಗಿರೋ ಕಡೆ ಸರಿಯಾಗಿದೆ. ಬೆಕ್ಕಿನ ಫೋಟೊ ಅಂಟಿಸಿಲ್ಲ ಯಾಕಂದರೆ ಕಪ್ಪು ಬಿಳುಪು ಜೆರಾಕ್ಸ್‌ನಲ್ಲಿ ಮತ್ತೆ ಎಲ್ಲ ಬೆಕ್ಕೂ ಒಂದೇ ಆಗುತ್ತೆ. ಕಲರ್ ಫೋಟೊ ಬೇಕಾದರೆ ಇದೇ ನಂಬರಿಗೆ ವಾಟ್ಸಾಪ್ ಮಾಡಿ, ಕಳಿಸ್ತೀನಿ.

ಪಾದ. ಬಲ ಹಿಂಗಾಲಿಗೆ ಬಿಳಿ ಕಾಲುಚೀಲ ಹಾಕಿದ ಹಾಗೆ ಎರಡು ಇಂಚು ಬಿಳಿ. ಅದೊಂದೇ ಕಾಲಿನ ಅಂಗಾಲು ಗುಲಾಬಿ, ಮಿಕ್ಕ ಮೂರೂ ಕಪ್ಪು. ಒಂದು ವಾರ ಬೀದಿಯಲ್ಲಿದ್ದರೆ ಬಿಳಿ ಮಾಸಿ ಮಣ್ಣಿನ ಬಣ್ಣ ಆಗಿರುತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಮಿಕ್ಕಿದ್ದು ಬೇಗ ಹೇಳ್ತೀನಿ. ಸಣ್ಣ ಮೈ, ಮೂರು ಕೆ.ಜಿ. ಮೇಲೆ ಇಲ್ಲ. ಕೊರಳ ಸುತ್ತು ಒಂಬತ್ತು ಇಂಚು. ಕಣ್ಣು ಹಣ್ಣಾಗ್ತಿರೋ ನಿಂಬೆಕಾಯಿಯ ಬಣ್ಣ. ಗದ್ದ ಬಿಳಿ. ದನಿ ಮೈಗಿಂತ ದೊಡ್ಡದು, ಆದರೆ ಹೆದರಿದಾಗ ಬಾಯೇ ಬಿಡಲ್ಲ. ಕೊರಳಿಗೆ ನಾನೇ ಹೊಲಿದ ಮರೂನ್ ಪಟ್ಟಿ ಇತ್ತು, ರೇಷ್ಮೆ ಬ್ಲೌಸಿನ ಪೈಪಿಂಗ್ ಬಟ್ಟೆಯದ್ದು. ಕೊಂಬೆಗೋ ಗ್ರಿಲ್ಲಿಗೋ ಸಿಕ್ಕರೆ ಕುತ್ತಿಗೆ ಬಿಗಿಯಬಾರದು ಅಂತ ಟಿಚ್ ಬಟನ್ ಇಟ್ಟಿದ್ದೆ, ಎಳೆದರೆ ಬಿಚ್ಚಿಕೊಳ್ಳುತ್ತೆ. ಈಗ ಕೊರಳಲ್ಲಿ ಇರದೇ ಇರಬಹುದು. ಪಟ್ಟಿ ಮಾತ್ರ ಎಲ್ಲಾದರೂ ಬಿದ್ದಿದ್ದು ಕಂಡರೆ ಅದನ್ನೂ ದಯವಿಟ್ಟು ತಿಳಿಸಿ. ಎಲ್ಲಿ ಬಿದ್ದಿತ್ತು ಅನ್ನೋದೇ ನನಗೆ ಬೇಕಾಗಿರೋದು.

ಇನ್ನೊಂದು ಗುರುತು ಇದೆ. ಅದನ್ನ ಬೇಕಂತಲೇ ಬರೆದಿಲ್ಲ. ಶನಿವಾರ ಒಬ್ಬ ಫೋನ್ ಮಾಡಿ "ನಿಮ್ಮ ಬೆಕ್ಕು ನನ್ನ ಹತ್ರ ಇದೆ, ಐನೂರು ರೂಪಾಯಿ ಮೊದಲು ಹಾಕಿ, ಅಡ್ರೆಸ್ ಹೇಳ್ತೀನಿ" ಅಂದ. ಗಂಡೋ ಹೆಣ್ಣೋ ಅಂತ ಕೇಳಿದರೆ ಗಂಡು ಅಂದ. ಆದ್ದರಿಂದ ಸಿಕ್ಕಿದೆ ಅಂತ ಫೋನ್ ಮಾಡಿದವರನ್ನ ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದುಡ್ಡು ಬೆಕ್ಕು ಕೈಗೆ ಬಂದ ಮೇಲೆ.

ಹೋದದ್ದು ಹೀಗೆ. ಬುಧವಾರ ಸಂಜೆ ಕರೆಂಟ್ ಹೋಗಿತ್ತು, ಅಮಾವಾಸ್ಯೆ ಬೇರೆ. ಬ್ಲೌಸ್ ತಗೊಳ್ಳೋಕೆ ಬಂದವರಿಗೆ ಬಾಗಿಲು ತೆಗೆದು ಟಾರ್ಚ್ ಹಿಡಿದುಕೊಂಡು ಹುಕ್ಸ್ ತೋರಿಸ್ತಾ ಇದ್ದೆ. ಎದುರು ಮನೆಯವರು ಅವತ್ತೇ ಮನೆ ಖಾಲಿ ಮಾಡ್ತಾ ಇದ್ದರು. ಲಗೇಜ್ ಆಟೊಗೆ ಬೀರು ಏರಿಸುವಾಗ ಅದು ಜಾರಿ ರಸ್ತೆಗೆ ಬಿತ್ತು. ಆ ಸದ್ದಿಗೆ ಚಿಂದಿ ಮೂಟೆ ಮೇಲೆ ಮಲಗಿದ್ದವಳು ನನ್ನ ಕಾಲ ಸಂದಿಯಿಂದ ಹೊರಗೆ ಹಾರಿದಳು. ಯಾವ ಕಡೆ ಅಂತ ಕತ್ತಲಲ್ಲಿ ಗೊತ್ತಾಗಲಿಲ್ಲ. ಆಟೊ ಒಳಗೇನಾದರೂ ಸೇರಿಕೊಂಡಳಾ ಅಂತ ಮಾರನೇ ದಿನ ಬಟವಾಡಿಯಲ್ಲಿ ಅವರ ಹೊಸ ಮನೆಗೂ ಹೋಗಿ ಮಂಚದ ಕೆಳಗೆಲ್ಲ ನೋಡಿ ಬಂದೆ. ಪಾಪ, ಅವರು ಇನ್ನೂ ಹಾಲು ಉಕ್ಕಿಸಿರಲಿಲ್ಲ, ನಾನು ಬೆಕ್ಕು ಅಂತ ಹೋದೆ.

ಈಗ ನಿಮ್ಮಿಂದ ಆಗಬೇಕಾದ್ದು. ಮನೆಯೊಳಗೇ ಬೆಳೆದ ಬೆಕ್ಕು ಹೆದರಿ ಹೊರಗೆ ಬಿದ್ದರೆ ದೂರ ಹೋಗೋದು ಕಡಿಮೆ. ನಾಲ್ಕೈದು ಮನೆ ಆಚೆ ಎಲ್ಲೋ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತೆ. ಕರೆದರೂ ಬರಲ್ಲ, ಕೂಗೂ ಹಾಕಲ್ಲ. ಆದ್ದರಿಂದ 3, 4, 5ನೇ ಅಡ್ಡರಸ್ತೆಯವರು ದಯವಿಟ್ಟು ನಿಮ್ಮ ಮೆಟ್ಟಿಲ ಕೆಳಗಿನ ಸ್ಟೋರು, ವಾಷಿಂಗ್ ಮೆಷಿನ್ ಹಿಂದೆ, ಸೌದೆ ಮತ್ತು ಸೆಂಟ್ರಿಂಗ್ ಹಲಗೆ ಒಟ್ಟಿರೋ ಕಡೆ, ಮಹಡಿ ಮೇಲೆ ನೀರಿನ ಟ್ಯಾಂಕಿನ ಕೆಳಗೆ ಒಂದು ಸಲ ಬಗ್ಗಿ ನೋಡಿ. ಹಗಲಿಗಿಂತ ಕತ್ತಲಾದ ಮೇಲೆ ಟಾರ್ಚ್ ಬಿಟ್ಟರೆ ಒಳ್ಳೇದು, ಕಣ್ಣು ಫಳ್ ಅಂತ ಹೊಳೆಯುತ್ತೆ. ಬುಧವಾರದ ಆಚೆಗೆ ಬಾಗಿಲು ತೆಗೆಯದ ಗೋಡೌನ್, ಗ್ಯಾರೇಜ್ ಯಾರದ್ದಾದರೂ ಇದ್ದರೆ ಇವತ್ತೇ ತೆಗೆದು ನೋಡಿ. ಬೀಗ ಹಾಕಿ ಊರಿಗೆ ಹೋದವರ ಮನೆ ನಿಮ್ಮ ಪಕ್ಕದಲ್ಲಿದ್ದರೆ ನನಗೆ ಹೇಳಿ, ಅವರಿಗೆ ಫೋನ್ ಮಾಡಿ ನಾನೇ ಕೇಳ್ತೀನಿ. ಸಂಪಿನ ಮುಚ್ಚಳ ಅರ್ಧ ತೆಗೆದಿಟ್ಟಿದ್ದರೆ ಮುಚ್ಚಿ, ನನ್ನ ಬೆಕ್ಕಿಗೆ ಅಂತಲ್ಲ, ಮಕ್ಕಳೂ ಓಡಾಡ್ತಾವೆ. ಕಾರಿನವರು ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಮೇಲೆ ಎರಡು ಸಲ ತಟ್ಟಿ. ಚಳಿ ಶುರುವಾಗಿದೆ, ಇಂಜಿನ್ ಬಿಸಿಗೆ ಒಳಗೆ ಸೇರಿಕೊಳ್ತಾವೆ.

ಕಂಡರೆ ಹಿಂದೆ ಓಡಬೇಡಿ. ನೀವು ಒಂದು ಹೆಜ್ಜೆ ಇಟ್ಟರೆ ಅವಳು ಹತ್ತು ಮನೆ ದಾಟ್ತಾಳೆ, ಆ ಕಡೆ ರೈಲು ಹಳಿ ಇದೆ ಅನ್ನೋದೇ ನನಗೆ ಹೆದರಿಕೆ. ದೂರದಿಂದ ಒಂದು ಫೋಟೊ ತೆಗೆದು ಫೋನ್ ಮಾಡಿ, ಅಷ್ಟೇ. ಮನೆಯೊಳಗೆ ಬಂದಿದ್ದರೆ ಬಾಗಿಲು ಹಾಕಿ ಒಂದು ಬಟ್ಟಲು ನೀರು ಇಡಿ. ಹಾಲು ಬೇಡ, ಬೇಧಿ ಹಿಡಿಯುತ್ತೆ. ಬೇಯಿಸಿದ ಮೊಟ್ಟೆ ತಿಂತಾಳೆ. ಮೊಟ್ಟೆ ಮುಟ್ಟದ ಮನೆಯಾದರೆ ಒಂದು ತುತ್ತು ಮೊಸರನ್ನ, ಅದೂ ನಡೆಯುತ್ತೆ.

ಬಾಬಿನ್ ಅಂತ ಕರೆದರೆ ತಿರುಗಿ ನೋಡಲ್ಲ, ಸುಳ್ಳು ಯಾಕೆ ಹೇಳಲಿ. ಅವಳು ಬರೋದು ಗುಂಡಿ ಡಬ್ಬಿಯ ಸದ್ದಿಗೆ. ಹಳೇ ಬೋರ್ನ್‌ವಿಟಾ ಡಬ್ಬಿಯಲ್ಲಿ ಶರಟಿನ ಗುಂಡಿ ಹಾಕಿಟ್ಟಿದ್ದೀನಿ, ಅಲ್ಲಾಡಿಸಿದರೆ ಎಲ್ಲಿದ್ದರೂ ಮೆಷಿನ್ ಕೆಳಗೆ ಬಂದು ಕೂರ್ತಾಳೆ. ಒಂದು ವಾರದಿಂದ ರಾತ್ರಿ ಹನ್ನೊಂದಕ್ಕೆ ಜಲ್ ಜಲ್ ಅಂತ ಸದ್ದು ಮಾಡಿಕೊಂಡು ನಿಮ್ಮ ಬೀದಿಯಲ್ಲಿ ಓಡಾಡ್ತಿರೋದು ನಾನೇ. 5ನೇ ಅಡ್ಡರಸ್ತೆಯಲ್ಲಿ ಮಕ್ಕಳು ಹೆದರಿಕೊಂಡವಂತೆ, ಗೆಜ್ಜೆ ಸದ್ದು ಅಂತ. ಕ್ಷಮಿಸಿ. ದೆವ್ವ ಅಲ್ಲ ಮಕ್ಕಳೇ, ನಿಮ್ಮ ಯೂನಿಫಾರ್ಮ್ ಹೊಲಿದ ಅಜ್ಜಿ.

ಯಾರಾದರೂ ಪಾಪ ಅಂತ ಒಳಗೆ ಇಟ್ಕೊಂಡು ಊಟ ಹಾಕ್ತಿದ್ದರೆ ನಿಮಗೆ ಪುಣ್ಯ ಬರಲಿ. ಯಾಕೆ ಇಟ್ಕೊಂಡಿರಿ ಅಂತ ಒಂದು ಮಾತು ಕೇಳಲ್ಲ. ಇನ್ನೊಂದು, ಬರೆಯೋಕೆ ಕೈ ಬರಲ್ಲ, ಆದರೂ ಬರೀತೀನಿ: ರಸ್ತೆಯಲ್ಲಿ ಏನಾದರೂ ಆಗಿದ್ದರೆ, ಕಸದ ಗಾಡಿಗೆ ಹಾಕೋ ಮುಂಚೆ ಒಂದು ಫೋನ್ ಮಾಡಿ. ನಾನೇ ಬಂದು ತಗೊಂಡು ಹೋಗ್ತೀನಿ.

ಹುಡುಕಿಕೊಟ್ಟವರಿಗೆ 1,000 ರೂಪಾಯಿ. ದುಡ್ಡು ಬೇಡ ಅನ್ನೋರಿಗೆ ಎರಡು ಬ್ಲೌಸ್ ಹೊಲಿಗೆ ಉಚಿತ, ಲೈನಿಂಗ್ ಸಮೇತ, ಮದುವೆ ಸೀಸನ್ ಆದರೂ ನಿಮ್ಮದೇ ಮೊದಲು.

ಮನೆ: ಉಪ್ಪಾರಹಳ್ಳಿ 4ನೇ ಅಡ್ಡರಸ್ತೆ, ಹಸಿರು ಗೇಟು, "ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುವುದು" ಅಂತ ಬೋರ್ಡ್ ಇದೆ. ಫೋನ್ ಇಲ್ಲದವರು ನೇರವಾಗಿ ಬನ್ನಿ. ನಾನಿಲ್ಲದಿದ್ದರೆ ಗೇಟಿಗೆ ಕಟ್ಟಿರೋ ಬಟ್ಟೆ ಚೀಲದಲ್ಲಿ ಚೀಟಿ ಬರೆದು ಹಾಕಿ, ಪೆನ್ನೂ ಅಲ್ಲೇ ಇದೆ. ಎಲ್ಲಿ, ಯಾವ ಹೊತ್ತಿಗೆ ಕಂಡಿತು ಅಂತ ಮಾತ್ರ ಮರೀಬೇಡಿ.

ಗೋಡೆಯ ಯಜಮಾನರಿಗೆ: ಅಂಟಿಸಿರೋದು ಅನ್ನದ ಗಂಜಿಯಲ್ಲಿ, ಒದ್ದೆ ಬಟ್ಟೆಗೆ ಬಿಟ್ಟುಬಿಡುತ್ತೆ. ಸಿಕ್ಕಿದ ದಿನ ನಾನೇ ಬಂದು ಕಿತ್ತು ಒರೆಸಿ ಹೋಗ್ತೀನಿ.

ಸರೋಜಮ್ಮ, ಟೈಲರ್
59011 40276
26-11-2025, ಬುಧವಾರ

(ಗುರುವಾರ ಬೆಳಿಗ್ಗೆ ಸೇರಿಸಿದ್ದು, ಕೆಂಪು ಇಂಕು)
ಪೇಪರ್ ಹಾಕೋ ಹುಡುಗ ಇವತ್ತು ಐದೂವರೆಗೆ 5ನೇ ಅಡ್ಡರಸ್ತೆ ಕೊನೆಯಲ್ಲಿ, ಕಟ್ಟಡ ನಿಂತುಹೋಗಿರೋ ಸೈಟಿನ ಮರಳು ಗುಡ್ಡೆ ಮೇಲೆ ನೋಡಿದ್ದಾನೆ. ಬಾಲ ಹೇಗಿತ್ತು ಅಂತ ಕೇಳಿದೆ, ಕಿರುಬೆರಳು ಮಡಿಸಿ ತೋರಿಸಿದ. ಆ ಸೈಟಿನ ಅಕ್ಕಪಕ್ಕದವರು ಇವತ್ತೂ ನಾಳೆಯೂ ರಾತ್ರಿ ನಾಯಿ ಕಟ್ಟಿಹಾಕಿ. ಅಲ್ಲಿ ಇಟ್ಟಿರೋ ಸ್ಟೀಲ್ ತಟ್ಟೆ ನನ್ನದು, ತೆಗೀಬೇಡಿ. ಹತ್ತು ಗಂಟೆ ಮೇಲೆ ಡಬ್ಬಿ ಹಿಡಿದು ಅಲ್ಲೇ ಕೂತಿರ್ತೀನಿ.